ಹಬ್ಬದ ಅಲಂಕಾರದ ನಡುವೆ ಅಜ್ಜಿಯ ವಾಕರ್, ಅಪ್ಪನ ವೀಲ್‌ಚೇರ್: ‘ನೋಡಿಕೊಂಡು ಓಡಾಡಿದರೆ ಆಯ್ತು’ ಎನ್ನುವುದು ಎಷ್ಟು ಸರಿ?

ದೀಪಾವಳಿಗೆ ಒಂದು ವಾರ ಇರುವಾಗಲೇ ಮನೆಗಳಲ್ಲಿ ಸೀರಿಯಲ್ ಸೆಟ್ಟುಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಸೋಫಾ ಗೋಡೆಗೆ ಸರಿಯುತ್ತದೆ, ಅಟ್ಟದ ಮೇಲಿನ ಜಮಖಾನ ಕೆಳಗಿಳಿಯುತ್ತದೆ. ಇಂಥ ಮನೆಯಲ್ಲಿ ವಾಕರ್ ಹಿಡಿದು ನಡೆಯುವ ಅಜ್ಜಿಯೋ ವೀಲ್‌ಚೇರ್ ಬಳಸುವವರೋ ಇದ್ದರೆ, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಎರಡು ಮೂರು ದಿನದ ಮಾತು ತಾನೇ, ಸ್ವಲ್ಪ ನೋಡಿಕೊಂಡು ಓಡಾಡಿದರೆ ಆಯ್ತು.’

ಈ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೀಳುವುದು ಅಜಾಗರೂಕತೆಯಿಂದ ಮಾತ್ರ, ಎಚ್ಚರಿಕೆ ಇದ್ದರೆ ಬೀಳುವುದಿಲ್ಲ ಎಂದು ಅದು ನಂಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಹೀಗೆ ಸಾಯುವವರಲ್ಲಿ 60 ದಾಟಿದವರೇ ಹೆಚ್ಚು. ಇವರೆಲ್ಲ ಎಚ್ಚರ ತಪ್ಪಿದವರಲ್ಲ. ವಯಸ್ಸಾದ ದೇಹ ನೆಲವನ್ನು ಹೇಗೆ ಗುರುತಿಸುತ್ತದೆ, ಚಕ್ರಕ್ಕೆ ನಿಜವಾಗಿ ಎಷ್ಟು ಜಾಗ ಬೇಕು ಎಂದು ತಿಳಿದರೆ, ಯಾವ ಅಲಂಕಾರ ಎಲ್ಲಿರಬೇಕು ಎನ್ನುವುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಎಚ್ಚರ ಇದ್ದರೂ ಯಾಕೆ ಎಡವುತ್ತಾರೆ?

ಮೊದಲ ಕಾರಣ ಕಾಲಿನದು. ಸಮತಟ್ಟಾದ ನೆಲದಲ್ಲಿ ನಡೆಯುವಾಗ ನಾವು ಕಾಲನ್ನು ತುಂಬಾ ಎತ್ತುತ್ತೇವೆ ಎಂದುಕೊಂಡಿರುತ್ತೇವೆ. ನಿಜದಲ್ಲಿ ಹೆಜ್ಜೆ ಮುಂದೆ ಹೋಗುವ ಒಂದು ಹಂತದಲ್ಲಿ ಕಾಲ್ಬೆರಳಿನ ತುದಿಗೂ ನೆಲಕ್ಕೂ ನಡುವೆ ಇರುವ ಅಂತರ ಸುಮಾರು 1ರಿಂದ 2 ಸೆಂಟಿಮೀಟರ್ ಮಾತ್ರ. ಆರೋಗ್ಯವಂತರಲ್ಲೂ ಇಷ್ಟೇ. ಮಂಡಿ ನೋವು, ಪಾರ್ಶ್ವವಾಯು, ಪಾರ್ಕಿನ್ಸನ್ ಇರುವವರು ಕಾಲೆಳೆದು ನಡೆಯುವುದರಿಂದ ಈ ಅಂತರ ಇನ್ನೂ ಕಡಿಮೆ. ಅಂದರೆ ಮಡಚಿಕೊಂಡ ಜಮಖಾನದ ಅಂಚು ಅಥವಾ ನೆಲದ ಮೇಲೆ ಹಾದುಹೋದ ಒಂದು ವೈರ್ ಸಾಕು. ನಮಗೆ ಅದು ಅಡ್ಡಿ ಎಂದೇ ಅನ್ನಿಸುವುದಿಲ್ಲ, ಅವರಿಗೆ ಅದು ಮೆಟ್ಟಿಲಿದ್ದಂತೆ.

ಎರಡನೆಯದು ಕಣ್ಣು. ವಯಸ್ಸಾದಂತೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಮಸೂರ ಮಬ್ಬಾಗುತ್ತದೆ. 20 ವರ್ಷದವರ ಕಣ್ಣಿನ ರೆಟಿನಾಗೆ ತಲುಪುವ ಬೆಳಕಿಗೆ ಹೋಲಿಸಿದರೆ 60 ವರ್ಷದವರ ರೆಟಿನಾಗೆ ತಲುಪುವುದು ಸುಮಾರು ಮೂರನೇ ಒಂದು ಭಾಗ. ಜೊತೆಗೆ, ಬೆಳಕಿನಿಂದ ಕತ್ತಲಿಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ದೀಪಾವಳಿಯ ಸಂಜೆ ನಾವು ಮಾಡುವುದೇನು? ಹಣತೆ ಚೆನ್ನಾಗಿ ಕಾಣಲಿ ಎಂದು ಟ್ಯೂಬ್‌ಲೈಟ್ ಆರಿಸುತ್ತೇವೆ. ನಮಗೆ ಚೆಂದ ಕಾಣುವ ಆ ಮಬ್ಬು ಬೆಳಕಿನಲ್ಲಿ ಅಜ್ಜಿಗೆ ಮೆಟ್ಟಿಲಿನ ಅಂಚೇ ಕಾಣುವುದಿಲ್ಲ.

ಮೂರನೆಯದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ನಿಮ್ಮ ಮನೆಯ ಹಿರಿಯರು ಮಂಚದಿಂದ ಬಚ್ಚಲಿಗೆ ಹೋಗುವುದನ್ನು ಒಮ್ಮೆ ಸುಮ್ಮನೆ ನೋಡಿ. ಬಾಗಿಲ ಚೌಕಟ್ಟು ಹಿಡಿಯುತ್ತಾರೆ, ಕುರ್ಚಿಯ ಬೆನ್ನು ಮುಟ್ಟುತ್ತಾರೆ, ಮೇಜಿನ ಮೂಲೆಗೆ ಕೈ ಊರುತ್ತಾರೆ, ಆಮೇಲೆ ಗೋಡೆ. ರಾತ್ರಿ ಹೊತ್ತು ದೀಪ ಹಾಕದೆಯೂ ಹೀಗೆ ಹೋಗಿಬರುತ್ತಾರೆ. ಆ ಕುರ್ಚಿ, ಮೇಜು, ಗೋಡೆ ಎಲ್ಲವೂ ಅವರ ಊರುಗೋಲುಗಳೇ. ಹಬ್ಬಕ್ಕೆಂದು ಕುರ್ಚಿಯನ್ನು ಎರಡಡಿ ಸರಿಸಿದರೆ ನಾವು ಅವರ ಊರುಗೋಲನ್ನೇ ಎತ್ತಿಟ್ಟ ಹಾಗೆ. ಕೈ ಅಭ್ಯಾಸದಂತೆ ಚಾಚುತ್ತದೆ, ಅಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ಮರೆವಿನ ಕಾಯಿಲೆ ಇರುವವರಿಗೆ ಇನ್ನೊಂದು ತೊಡಕಿದೆ. ತಿಳಿ ಬಣ್ಣದ ನೆಲದ ಮೇಲೆ ಹಾಸಿದ ಕಪ್ಪು ಅಥವಾ ಕಡುಬಣ್ಣದ ಮ್ಯಾಟ್ ಅವರಿಗೆ ಗುಂಡಿಯಂತೆ ಕಾಣಬಹುದು. ನೆಲದ ಮೇಲಿನ ಗಾಢ ಚಿತ್ತಾರವನ್ನು ವಸ್ತು ಎಂದುಕೊಂಡು ದಾಟಲು ಹೋಗಬಹುದು, ಎತ್ತಿಕೊಳ್ಳಲು ಬಗ್ಗಬಹುದು. ಇಲ್ಲಿ ‘ನೋಡಿಕೊಂಡು ನಡಿ’ ಎನ್ನುವುದರಿಂದ ಪ್ರಯೋಜನವಿಲ್ಲ. ಅವರು ನೋಡಿಕೊಂಡೇ ನಡೆಯುತ್ತಿದ್ದಾರೆ, ಕಾಣುತ್ತಿರುವುದೇ ಬೇರೆ.

ಮೊದಲು ದಾರಿ, ಆಮೇಲೆ ಅಲಂಕಾರ

ಲೆಕ್ಕ ಸುಲಭವಾಗಲೆಂದು ಒಂದು ಮಾದರಿ ಮನೆಯನ್ನು ಇಟ್ಟುಕೊಳ್ಳೋಣ. ನೆಲಮಹಡಿಯ ಮನೆ. ವಾಕರ್ ಬಳಸುವ 78 ವರ್ಷದ ಅಜ್ಜಿ. ಬೆನ್ನುಹುರಿಗೆ ಪೆಟ್ಟಾದ ಮೇಲೆ ವೀಲ್‌ಚೇರ್ ಬಳಸುವ ಅವರ ಮಗ. ಮುಂಬಾಗಿಲಿನ ತೆರವು 100 ಸೆಂ.ಮೀ., ಹೊಸ್ತಿಲ ಎತ್ತರ 5 ಸೆಂ.ಮೀ., ಹಾಲ್‌ನಿಂದ ಮಲಗುವ ಕೋಣೆಗೆ ಹೋಗುವ ಓಣಿ 110 ಸೆಂ.ಮೀ. ಅಗಲ.

ಅವರ ವೀಲ್‌ಚೇರ್ 65 ಸೆಂ.ಮೀ. ಅಗಲ ಇದೆ. ‘ಹಾಗಿದ್ದರೆ 70 ಸೆಂ.ಮೀ. ಜಾಗ ಬಿಟ್ಟರೆ ಸಾಕಲ್ಲ’ ಎಂದು ಅನ್ನಿಸುವುದು ಸಹಜ. ಸಾಲದು. ತಾವೇ ಚಕ್ರ ತಳ್ಳುವವರ ಗೆಣ್ಣು, ಮೊಣಕೈಗಳು ಕುರ್ಚಿಯ ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಕುರ್ಚಿ ಗೆರೆ ಎಳೆದಂತೆ ನೇರವಾಗಿಯೂ ಸಾಗುವುದಿಲ್ಲ, ಪ್ರತಿ ತಳ್ಳಿಗೆ ಸ್ವಲ್ಪ ಆಚೀಚೆ ವಾಲುತ್ತದೆ. ಹಾಗಾಗಿ ದಾರಿಗೆ 90 ಸೆಂ.ಮೀ. ತೆರವು, ಪೂರ್ತಿ ತಿರುಗಿಸಲು 150 ಸೆಂ.ಮೀ. ವ್ಯಾಸದ ಜಾಗ ಬೇಕು ಎಂದು ಕಟ್ಟಡ ವಿನ್ಯಾಸದಲ್ಲಿ ಲೆಕ್ಕ ಹಿಡಿಯುತ್ತಾರೆ. ವಾಕರ್ ಹಿಡಿದು ನಡೆಯುವವರಿಗೂ 90 ಸೆಂ.ಮೀ. ಸಾಕಾಗುತ್ತದೆ.

ಇದನ್ನು ಅಳೆಯಲು ಟೇಪು ಹಿಡಿದು ಓಡಾಡಬೇಕಿಲ್ಲ. 90 ಸೆಂ.ಮೀ. ಉದ್ದಕ್ಕೆ ಒಂದು ಕೋಲು ಕತ್ತರಿಸಿಕೊಳ್ಳಿ. ಅಲಂಕಾರ ಮುಗಿದ ಮೇಲೆ ಆ ಕೋಲನ್ನು ಮೊಣಕಾಲ ಎತ್ತರದಲ್ಲಿ ಅಡ್ಡ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ದೇವರ ಕೋಣೆಗೆ, ಅಲ್ಲಿಂದ ಮುಂಬಾಗಿಲಿಗೆ ನಡೆಯಿರಿ. ಕೋಲು ಎಲ್ಲಿ ತಾಗುತ್ತದೋ ಅಲ್ಲಿರುವ ವಸ್ತು ಎದ್ದು ಬೇರೆ ಕಡೆ ಹೋಗಬೇಕು. ಬಾಗಿಲಿನ ಕಿರಿದಾದ ಚೌಕಟ್ಟಿಗೆ ತಾಗಿದರೆ ಅದನ್ನು ಬದಲಿಸಲಾಗದು ನಿಜ, ಆದರೆ ಅದನ್ನು ಇನ್ನಷ್ಟು ಕಿರಿದು ಮಾಡುವ ಯಾವುದನ್ನೂ ಅಲ್ಲಿ ಕಟ್ಟಬೇಡಿ. ತಿರುಗುವ ಜಾಗಕ್ಕೆ 75 ಸೆಂ.ಮೀ. ದಾರದ ಒಂದು ತುದಿಯನ್ನು ನೆಲದಲ್ಲಿ ಒತ್ತಿಹಿಡಿದು, ಇನ್ನೊಂದು ತುದಿಗೆ ಚಾಕ್‌ಪೀಸ್ ಕಟ್ಟಿ ವೃತ್ತ ಎಳೆಯಿರಿ. ಪೂಜೆಯ ಮುಂದೆ ಒಂದು, ಮುಂಬಾಗಿಲ ಒಳಗೆ ಒಂದು, ಇಂಥ ಎರಡು ವೃತ್ತಗಳು ಖಾಲಿ ಇದ್ದರೆ ವೀಲ್‌ಚೇರ್‌ನಲ್ಲಿರುವವರು ಯಾರನ್ನೂ ‘ಸ್ವಲ್ಪ ಸರೀರಿ’ ಎನ್ನದೆ ಬಂದು ಹೋಗಬಹುದು.

ಕುರ್ಚಿ ಸರಿಸಲೇಬೇಕಾದರೆ ಹಬ್ಬದ ಮುಂಜಾನೆ ಸರಿಸಬೇಡಿ. ಎರಡು ಮೂರು ದಿನ ಮೊದಲೇ ಸರಿಸಿ, ಅಜ್ಜಿಯನ್ನು ಹಗಲಿನಲ್ಲಿ ಆ ದಾರಿಯಲ್ಲಿ ಕರೆದುಕೊಂಡು ಓಡಾಡಿ. ಅವರು ಕೈ ಊರುವ ಒಂದೆರಡು ವಸ್ತುಗಳನ್ನಂತೂ ಇದ್ದಲ್ಲೇ ಬಿಡಿ. ಅಲಂಕಾರಕ್ಕೆ ಸ್ಟೂಲಿನ ಮೇಲೆ ಹೂದಾನಿ ಇಟ್ಟು ಅದೇ ದಾರಿಯಲ್ಲಿ ನಿಲ್ಲಿಸುವುದು ಇನ್ನೂ ಅಪಾಯ. ಹಿಡಿಯಲು ಗಟ್ಟಿಯಾದದ್ದು ಸಿಕ್ಕಿತು ಎಂದು ಕೈ ನಂಬುತ್ತದೆ, ಸ್ಟೂಲು ಮಗುಚುತ್ತದೆ.

ಮುಂಬಾಗಿಲು: ಬಾಳೆಕಂದು, ಹೊಸ್ತಿಲು, ರಂಗೋಲಿ

ಲಕ್ಷ್ಮೀಪೂಜೆಗೆ ಬಾಗಿಲ ಎರಡೂ ಬದಿಗೆ ಬಾಳೆಕಂದು ಕಟ್ಟುವ ಮನೆಗಳಿವೆ. ನಮ್ಮ ಮಾದರಿ ಮನೆಯ ಬಾಗಿಲು 100 ಸೆಂ.ಮೀ. ಕಂದು 12 ಸೆಂ.ಮೀ. ದಪ್ಪ ಇದ್ದು ಚೌಕಟ್ಟಿನ ಒಳಬದಿಗೆ ಕಟ್ಟಿದರೆ ಉಳಿಯುವುದು 76 ಸೆಂ.ಮೀ. 65 ಸೆಂ.ಮೀ.ನ ಕುರ್ಚಿಗೆ ಒಂದೊಂದು ಬದಿಗೆ ಐದೂವರೆ ಸೆಂ.ಮೀ. ಸಿಕ್ಕಿತು. ಚಕ್ರ ತಳ್ಳುವ ಕೈಗೆ ಅಲ್ಲಿ ಜಾಗವೇ ಇಲ್ಲ. ಅದೇ ಕಂದನ್ನು ಚೌಕಟ್ಟಿನ ಹೊರಗೆ ಗೋಡೆಗೆ ಅಥವಾ ಕಿಟಕಿಯ ಸರಳಿಗೆ ಒತ್ತಿ ಕಟ್ಟಿದರೆ 100 ಸೆಂ.ಮೀ. ಪೂರ್ತಿ ಉಳಿಯುತ್ತದೆ, ಹೊರಗಿನಿಂದ ನೋಡಲೂ ಚೆಂದ. ಕತ್ತರಿಸಿದ ಕಂದಿನ ಬುಡದಿಂದ ರಸ ಇಳಿದು ನೆಲ ಜಾರುವಂತಾಗುತ್ತದೆ, ಬುಡದ ಕೆಳಗೆ ಒಂದು ತಟ್ಟೆ ಇಡಿ.

ಮುಂದಿನದು ಹೊಸ್ತಿಲು. ವೀಲ್‌ಚೇರ್‌ನ ಮುಂದಿನ ಪುಟ್ಟ ಚಕ್ರಗಳು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಎತ್ತರದ ಅಡ್ಡಿಗೂ ತಡೆದು ನಿಲ್ಲಬಹುದು. ಕುರ್ಚಿ ನಿಂತರೂ ಕುಳಿತವರ ದೇಹ ಮುಂದಕ್ಕೆ ಹೋಗುತ್ತದೆ. ಅದಕ್ಕೇ ಹೊಸ್ತಿಲಿಗೆ ಇಳಿಜಾರು ಹಲಗೆ ಹಾಕಿರುತ್ತಾರೆ. ಎತ್ತರದ 12 ಪಟ್ಟು ಉದ್ದ ಇರಬೇಕು ಎನ್ನುವುದು ಲೆಕ್ಕ. 5 ಸೆಂ.ಮೀ. ಹೊಸ್ತಿಲಿಗೆ 60 ಸೆಂ.ಮೀ. ಉದ್ದದ ಹಲಗೆ, ಒಳಗೊಂದು ಹೊರಗೊಂದು. ಹಬ್ಬದ ದಿನ ‘ಪೂಜೆಗೆ ಹೊಸ್ತಿಲು ಕಾಣಬೇಕು’ ಎಂದು ಈ ಹಲಗೆಯನ್ನು ತೆಗೆದಿಡುವ ಮನೆಗಳಿವೆ. ಹಲಗೆ ತೆಗೆದರೆ ಒಬ್ಬರು ಒಳಗೇ ಉಳಿದಂತೆ, ಇಲ್ಲವೇ ಇಬ್ಬರು ಸೇರಿ ಕುರ್ಚಿ ಎತ್ತಿ ದಾಟಿಸಿದಂತೆ. ಹಾಗೆ ಎತ್ತುವಾಗ ಕೈ ಜಾರುವ, ಎತ್ತುವವರ ಬೆನ್ನು ಹಿಡಿಯುವ ಸಾಧ್ಯತೆ ಇದ್ದೇ ಇದೆ.

ಹಲಗೆಯನ್ನು 90 ಸೆಂ.ಮೀ. ಅಗಲಕ್ಕೆ ಮಾಡಿಸಿದರೆ ಹೊಸ್ತಿಲಿನ ಎರಡೂ ತುದಿ ಐದೈದು ಸೆಂ.ಮೀ. ತೆರೆದೇ ಇರುತ್ತವೆ. ಅರಿಶಿನ, ಕುಂಕುಮ, ಹೂ ಅಲ್ಲಿಗೆ ಸಾಕು. ಬಲಿಪಾಡ್ಯಮಿಯಂದು ಸಗಣಿಯ ಉಂಡೆಗೆ ಹೂ ಸಿಕ್ಕಿಸಿ ಬಾಗಿಲ ಬಳಿ ಇಡುವ ಪದ್ಧತಿ ಇದ್ದರೆ ಅದನ್ನೂ ಚೌಕಟ್ಟಿನ ಹೊರಗೆ ಗೋಡೆಯ ಬುಡಕ್ಕೆ ಇಡಬಹುದು. ಹಲಗೆಯ ಮೇಲೆ ಮಾತ್ರ ಹೂವಿನ ಎಸಳು, ಎಲೆ, ನೀರು ಯಾವುದೂ ಬೇಡ. ಚೆಂಡು ಹೂವಿನ ಎಸಳು ತುಳಿದು ಜಜ್ಜಿಹೋದಾಗ ಎಷ್ಟು ಜಾರುತ್ತದೆ ಎನ್ನುವುದು ಪೂಜೆ ಮುಗಿದ ಅಂಗಳದಲ್ಲಿ ನಡೆದವರಿಗೆ ಗೊತ್ತು. ಹಲಗೆಯ ಮೇಲೆ ಮರಳಿನ ಕಾಗದದಂತೆ ಒರಟಾಗಿರುವ, ಜಾರದಂತೆ ತಡೆಯುವ ಟೇಪು ಅಂಟಿಸಿಡಿ.

ಈಗ ರಂಗೋಲಿ. ರಂಗೋಲಿ ಪುಡಿ ಎಂದರೆ ನುಣ್ಣಗೆ ಪುಡಿ ಮಾಡಿದ ಕಲ್ಲು. ಸಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ ಅದು ಒರಟು ನೆಲಕ್ಕೆ ಕಚ್ಚಿಕೊಂಡು ಕೂರುತ್ತಿತ್ತು. ಇಂದಿನ ನುಣುಪಾದ ಟೈಲ್ಸ್ ಮೇಲೆ ಅದಕ್ಕೆ ಕಚ್ಚಿಕೊಳ್ಳಲು ಏನೂ ಇಲ್ಲ. ಚಪ್ಪಲಿಗೂ ಟೈಲ್ಸ್‌ಗೂ ನಡುವೆ ಸಡಿಲ ಪದರವಾಗಿ ನಿಂತು ಜಾರಿಸುತ್ತದೆ. ಕೋಲು, ವಾಕರ್‌ಗಳ ತುದಿಯ ರಬ್ಬರ್ ಬುಶ್‌ಗೆ ಪುಡಿ ಮೆತ್ತಿದರೆ ಅದರ ಹಿಡಿತವೇ ಹೋಗುತ್ತದೆ. ವೀಲ್‌ಚೇರ್‌ನಲ್ಲಿ ಇನ್ನೂ ಒಂದು ಸಮಸ್ಯೆ: ಅದರ ಬ್ರೇಕ್ ಟೈರನ್ನು ಒತ್ತಿ ಹಿಡಿದು ನಿಲ್ಲಿಸುತ್ತದೆ. ಟೈರಿಗೆ ಪುಡಿ ಮೆತ್ತಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಹಾಕಿದ್ದರೂ ಕುರ್ಚಿ ಜರುಗಬಹುದು.

ರಂಗೋಲಿ ಎಲ್ಲಿ ಹಾಕಿದ್ದೀರೋ ಅಲ್ಲೇ ಇರುವುದಿಲ್ಲ ಎನ್ನುವುದನ್ನೂ ನೆನಪಿಡಿ. ಫ್ಯಾನಿನ ಗಾಳಿ, ಸೀರೆಯ ಅಂಚು, ಮಕ್ಕಳ ಕಾಲು ಅದನ್ನು ಒಳಗೆ ಎಳೆದು ತರುತ್ತವೆ. ಪರೀಕ್ಷಿಸುವುದು ಸುಲಭ. ರಂಗೋಲಿ ಹಾಕಿದ ಒಂದು ಗಂಟೆಯ ಮೇಲೆ ಹೊಸ್ತಿಲಿನ ಒಳಗಡೆಯ ಟೈಲ್ಸ್ ಮೇಲೆ ಅಂಗೈ ಸವರಿ ನೋಡಿ. ಕೈ ಬೆಳ್ಳಗಾದರೆ ಪುಡಿ ಒಳಗೆ ಬಂದಿದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಟೈರು, ವಾಕರ್‌ನ ಬುಶ್, ಅಜ್ಜಿಯ ಚಪ್ಪಲಿಯ ಅಡಿಯನ್ನೂ ಒರೆಸಿ.

ಹಾಗೆಂದು ರಂಗೋಲಿ ಬಿಡಬೇಕಿಲ್ಲ. ಗೇಟಿನಿಂದ ಬಾಗಿಲವರೆಗೆ 90 ಸೆಂ.ಮೀ. ದಾರಿ ಬಿಟ್ಟು ಅದರ ಒಂದು ಬದಿಗೆ ದೊಡ್ಡದಾಗಿ ಹಾಕಿ. ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿ ಎಳೆದ ಗೆರೆ ಒಣಗಿದ ಮೇಲೆ ನೆಲಕ್ಕೆ ಅಂಟಿಕೊಳ್ಳುವುದರಿಂದ ಹಾರುವ ಪುಡಿ ಕಡಿಮೆ, ಆದರೆ ಒಣಗುವವರೆಗೆ ಅದೂ ಜಾರುತ್ತದೆ. ರಂಗೋಲಿ ಸ್ಟಿಕ್ಕರ್ ಸುರಕ್ಷಿತ ಎಂಬ ನಂಬಿಕೆ ಇದೆ. ಅದರ ಪ್ಲಾಸ್ಟಿಕ್ ಮೈ ಒದ್ದೆಯಾದರೆ ಜಾರುತ್ತದೆ, ಎದ್ದ ಅಂಚು ಕಾಲಿಗೆ ಸಿಕ್ಕುತ್ತದೆ. ಚಿತ್ತಾರ ನೆಲದಲ್ಲೇ ಇರಬೇಕು ಎಂಬ ಕಟ್ಟುಪಾಡೂ ಇಲ್ಲ. ಮಲೆನಾಡಿನ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿಯಿಂದ ಬರೆಯುವ ಹಸೆ ಚಿತ್ತಾರ ನಮ್ಮದೇ ಪರಂಪರೆ. ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಚಿತ್ತಾರ ಬರೆದರೆ ನೆಲ ಖಾಲಿ ಉಳಿಯುತ್ತದೆ.

ಹಣತೆ ಎಲ್ಲಿಡಬೇಕು?

ಓಣಿಯ ಎರಡೂ ಬದಿಗೆ ಹಣತೆ ಸಾಲು ಇಡುವುದು ಫೋಟೋದಲ್ಲಿ ಬಹಳ ಚೆಂದ. ನಮ್ಮ ಮಾದರಿ ಮನೆಯ 110 ಸೆಂ.ಮೀ. ಓಣಿಯಲ್ಲಿ 15 ಸೆಂ.ಮೀ.ನ ತಟ್ಟೆಗಳಲ್ಲಿ ಎರಡೂ ಬದಿ ಹಣತೆ ಇಟ್ಟರೆ ನಡುವೆ 80 ಸೆಂ.ಮೀ. ಉಳಿಯುತ್ತದೆ. ಅಳತೆಯಲ್ಲಿ ಕುರ್ಚಿ ಹಿಡಿಯುತ್ತದೆ. ಆದರೆ ಕುರ್ಚಿಯ ಪಕ್ಕಕ್ಕೆ ಇಳಿದ ಪಂಚೆಯ ತುದಿ, ತೊಡೆಯ ಮೇಲಿನ ಶಾಲು, ವಾಕರ್ ಮೇಲೆ ಬಗ್ಗಿದ ಅಜ್ಜಿಯ ಸೆರಗು ಇವೆಲ್ಲ ಹಾದುಹೋಗುವುದು ಸರಿಯಾಗಿ ಆ ಉರಿಯ ಎತ್ತರದಲ್ಲೇ.

ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನಲ್ಲಿ ಸ್ಪರ್ಶಜ್ಞಾನ ಇಲ್ಲದಿರಬಹುದು. ಬಹಳ ವರ್ಷ ಸಕ್ಕರೆ ಕಾಯಿಲೆ ಇರುವ ಹಿರಿಯರ ಪಾದಗಳಲ್ಲೂ ನರ ದುರ್ಬಲವಾಗಿ ಬಿಸಿ ತಿಳಿಯದೇ ಹೋಗಬಹುದು. ನಮಗೆ ಬಿಸಿ ತಾಗಿದ ಕ್ಷಣ ಕಾಲು ಹಿಂದಕ್ಕೆ ಬರುತ್ತದೆ, ಅವರಿಗೆ ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಓಡಾಡುವ ದಾರಿಯ ನೆಲದಲ್ಲಿ ಉರಿಯುವ ದೀಪ ಬೇಡ ಎನ್ನುವುದನ್ನು ನಿಯಮವಾಗಿಟ್ಟುಕೊಳ್ಳಿ. ಹಣತೆಗೆ ಕಾಂಪೌಂಡ್ ಗೋಡೆ, ತುಳಸಿಕಟ್ಟೆ, ಪರದೆಯಿಲ್ಲದ ಕಿಟಕಿಯ ಹೊರಗಿನ ಸಜ್ಜೆ, ಗೋಡೆಯ ಗೂಡು ಒಳ್ಳೆಯ ಜಾಗಗಳು. ಓಣಿಯಲ್ಲಿ ದೀಪ ಬೇಕೆನಿಸಿದರೆ ಬ್ಯಾಟರಿಯ ಪುಟ್ಟ ದೀಪಗಳನ್ನು ಗೋಡೆಗೆ ತೂಗುಹಾಕಿ.

ಹೊಸ ಮಣ್ಣಿನ ಹಣತೆ ಎಣ್ಣೆ ಹೀರಿ ಅಡಿಯಿಂದ ಜಿನುಗಿಸುತ್ತದೆ. ಮೊದಲೇ ಕೆಲವು ಗಂಟೆ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಎಣ್ಣೆ ಹೀರುವುದು ಕಡಿಮೆಯಾಗುತ್ತದೆ. ಆದರೂ ಪ್ರತಿ ಹಣತೆಯ ಕೆಳಗೆ ಅಂಚಿರುವ ತಟ್ಟೆ ಇರಲಿ. ನೆಲಕ್ಕೆ ಇಳಿದ ಒಂದು ಚಮಚ ಎಣ್ಣೆ ಟೈಲ್ಸ್ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ.

ಮನೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಅಥವಾ ಸಿಲಿಂಡರ್ ಬಳಸುವವರಿದ್ದರೆ ಅವರಿರುವ ಕೋಣೆಯಲ್ಲಿ ಹಣತೆ, ಊದುಬತ್ತಿ, ಕರ್ಪೂರ ಯಾವುದೂ ಬೇಡವೇ ಬೇಡ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಅದು ಹೆಚ್ಚಿರುವ ಕಡೆ ಬಟ್ಟೆ, ಹಾಸಿಗೆ, ಕೂದಲು ಅತಿ ಬೇಗ ಹೊತ್ತಿಕೊಳ್ಳುತ್ತವೆ. ಆರತಿಯನ್ನು ಅವರ ಹತ್ತಿರ ತರುವ ಬದಲು ಕೋಣೆಯ ಹೊರಗಿನಿಂದ ತೋರಿಸಿ.

ವೈರ್ ಮತ್ತು ಮಿನುಗುವ ಲೈಟು

ನೆಲದ ಮೇಲಿನ ವೈರಿಗೆ ಜಮಖಾನ ಮುಚ್ಚಿದರೆ ಸಮಸ್ಯೆ ಮುಗಿಯಿತು ಎಂದು ಹಲವರು ತಿಳಿದಿರುತ್ತಾರೆ. ಅದರಿಂದ ವೈರ್ ಕಾಣುವುದು ನಿಲ್ಲುತ್ತದೆ, ಉಬ್ಬು ಹಾಗೇ ಇರುತ್ತದೆ. ವೀಲ್‌ಚೇರ್ ಅದರ ಮೇಲೆ ದಿನಕ್ಕೆ ಹತ್ತಾರು ಬಾರಿ ಹಾದರೆ ತೆಳು ವೈರಿನ ಮೇಲ್ಕವಚ ಬಿರುಕು ಬಿಡುತ್ತದೆ, ಬಿಸಿಯಾದರೂ ಬಟ್ಟೆಯ ಕೆಳಗೆ ಗೊತ್ತಾಗುವುದಿಲ್ಲ. ವೈರನ್ನು ಗೋಡೆಯ ಬುಡದಲ್ಲಿ ಸಾಗಿಸಿ, ಬಾಗಿಲು ಬಂದಲ್ಲಿ ಚೌಕಟ್ಟಿನ ಮೇಲಿನಿಂದ ಸುತ್ತಿಸಿ ದಾಟಿಸಿ. ಅಷ್ಟು ಉದ್ದದ ವೈರ್ ಇಲ್ಲದಿದ್ದರೆ ಆ ಬದಿಗೆ ಬ್ಯಾಟರಿಯ ಲೈಟು ಹಾಕಿ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದಲ್ಲಿಡದೆ ಗೋಡೆಗೆ ತಗುಲಿಸಿ.

ಲೈಟು ಎಷ್ಟು ಎತ್ತರದಲ್ಲಿದೆ ಎನ್ನುವುದೂ ಮುಖ್ಯ. ವೀಲ್‌ಚೇರ್‌ನಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 110ರಿಂದ 125 ಸೆಂ.ಮೀ. ಎತ್ತರದಲ್ಲಿರುತ್ತದೆ. ನಿಂತವರಿಗೆ ಎದೆಯ ಮಟ್ಟದಲ್ಲಿ ಹಿತವಾಗಿ ಕಾಣುವ ಬಲ್ಬಿನ ಸಾಲು ಅವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಅಲಂಕಾರ ಮುಗಿಸಿದ ಮೇಲೆ ಟ್ಯೂಬ್‌ಲೈಟ್ ಆರಿಸಿ, ನೀವೇ ಒಂದು ಕುರ್ಚಿಯಲ್ಲಿ ಕುಳಿತು ನೋಡಿ. ಬೆಳಕು ಕಣ್ಣು ಕುಕ್ಕಿದರೆ ಮೇಲಕ್ಕೆ ಕಟ್ಟಿ. ಮೆಟ್ಟಿಲು, ಇಳಿಜಾರುಗಳ ಬಳಿ ಮಿನುಗುವ ಲೈಟು ಬೇಡ, ಸ್ಥಿರವಾಗಿ ಉರಿಯುವುದೇ ಇರಲಿ. ಹಬ್ಬದ ಸಂಜೆ ಪೂರ್ತಿ ಓಡಾಡುವ ದಾರಿಯ ಒಂದು ಮಾಮೂಲಿ ದೀಪವನ್ನು ಆರಿಸಲೇಬೇಡಿ.

ನರಕ ಚತುರ್ದಶಿಯ ಬೆಳಗಿನ ಜಾವ

ಮೂರು ದಿನಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಹೊತ್ತು ಯಾವುದು ಎಂದು ಕೇಳಿದರೆ ನಾವು ಇದನ್ನೇ ಹೇಳುತ್ತೇವೆ. ಸೂರ್ಯ ಹುಟ್ಟುವ ಮೊದಲು ಎದ್ದು, ತಲೆಯಿಂದ ಪಾದದವರೆಗೆ ಎಣ್ಣೆ ಹಚ್ಚಿಕೊಂಡು, ನಿದ್ದೆಗಣ್ಣಿನಲ್ಲಿ ಬಚ್ಚಲಿಗೆ ಹೋಗುವ ಹೊತ್ತದು. ಬೇಗ ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ತಿರುಗುವುದು ಹಿರಿಯರಲ್ಲಿ ಸಾಮಾನ್ಯ. ಹಿಂದಿನ ದಿನ ನೀರು ತುಂಬಿ ಪೂಜೆ ಮಾಡಿದ ಹಂಡೆ, ಅದರ ಕೊರಳಿನ ಹೂ, ಸುತ್ತಲಿನ ರಂಗೋಲಿ ಎಲ್ಲ ಬಚ್ಚಲಲ್ಲೇ ಇರುತ್ತವೆ.

ಬಚ್ಚಲೊಳಗೆ ಪುಡಿ ರಂಗೋಲಿ ಹಾಕುವುದು ಬಿಟ್ಟು ಹಂಡೆಗೇ ಚಿತ್ತಾರ ಬರೆಯಿರಿ. ಎಣ್ಣೆಯನ್ನು ಕೋಣೆಯಲ್ಲಿ ಹಚ್ಚಿ ನಡೆಸಿಕೊಂಡು ಹೋಗುವ ಬದಲು, ಬಚ್ಚಲಲ್ಲೇ ಗಟ್ಟಿ ಕುರ್ಚಿಯ ಮೇಲೆ ಕೂರಿಸಿ ಹಚ್ಚಿ. ಅಂಗಾಲಿಗೆ ಎಣ್ಣೆ ಬೇಡ. ಕುರ್ಚಿಯಿಂದ ಎಬ್ಬಿಸುವ ಮೊದಲು ಪಾದವನ್ನೂ ನೆಲವನ್ನೂ ಸೋಪು ಹಾಕಿ ತೊಳೆದು ಒರೆಸಿ, ಬರೀ ನೀರಿಗೆ ಎಣ್ಣೆ ಹೋಗುವುದಿಲ್ಲ.

ಅವರೂ ಹಬ್ಬ ಮಾಡಬೇಕಲ್ಲ

ದಾರಿ ತೆರವು ಮಾಡಿ ಅವರನ್ನು ಮೂಲೆಯಲ್ಲಿ ಕೂರಿಸಿದರೆ ಹಬ್ಬ ಅವರದಾಗುವುದಿಲ್ಲ. ವೀಲ್‌ಚೇರ್‌ನಲ್ಲಿ ಕುಳಿತವರ ಕೈಗೆ ಸಲೀಸಾಗಿ ಎಟಕುವುದು ನೆಲದಿಂದ ಸುಮಾರು 40ರಿಂದ 120 ಸೆಂ.ಮೀ.ವರೆಗಿನ ಎತ್ತರ. ಹೂವಿನ ಬುಟ್ಟಿ, ಆರತಿ ತಟ್ಟೆ, ಲೈಟಿನ ಸ್ವಿಚ್ಚು ಈ ಪಟ್ಟಿಯೊಳಗೆ ಇದ್ದರೆ ಅವರು ಯಾರನ್ನೂ ಕರೆಯಬೇಕಾಗಿಲ್ಲ. ಮೊಣಕಾಲು ಒಳಗೆ ಸೇರುವ ಮೇಜಿನ ಮೇಲೆ ದೊಡ್ಡ ತಟ್ಟೆ ಇಟ್ಟರೆ ಅದರಲ್ಲೇ ರಂಗೋಲಿ ಬಿಡಬಹುದು, ಹೂವಿನ ಚಿತ್ತಾರ ಮಾಡಬಹುದು. ದೀಪ ಹಚ್ಚುವುದಾದರೆ ಒಂದು ದೀಪದ ಮೇಲಿಂದ ಕೈ ಚಾಚಿ ಇನ್ನೊಂದನ್ನು ಹಚ್ಚುವಂತಿರಬಾರದು. ಎಲ್ಲ ದೀಪ ಒಂದೇ ಸಾಲಿನಲ್ಲಿರಲಿ, ಹಚ್ಚುವುದು ದೂರದ ತುದಿಯಿಂದ ಶುರುವಾಗಲಿ. ತೊಡೆಯ ಮೇಲೆ ಉರಿಯುವ ಆರತಿ ಇಟ್ಟುಕೊಂಡು ಕುರ್ಚಿ ತಳ್ಳುವುದು ಬೇಡ. ಇವೆಲ್ಲ ಹೇಗಿದ್ದರೆ ಅನುಕೂಲ ಎಂದು ಮೊದಲು ಅವರನ್ನೇ ಕೇಳಿ.

ಇಷ್ಟಾದ ಮೇಲೂ ಬಿದ್ದರೆ?

ಬಿದ್ದ ಕೂಡಲೇ ಕಂಕುಳಿಗೆ ಕೈ ಹಾಕಿ ಎತ್ತುವುದು, ಎಣ್ಣೆ ಹಚ್ಚಿ ನೀವುವುದು ನಮ್ಮಲ್ಲಿ ರೂಢಿ. ಎರಡನ್ನೂ ಮಾಡಬೇಡಿ. ಎಲ್ಲಿ ನೋವು ಎಂದು ಕೇಳಿ, ಮಲಗಿದಲ್ಲೇ ಇರಲಿ. ತೊಡೆಸಂದಿನಲ್ಲಿ ಜೋರು ನೋವು, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾದಂತೆ ಕಾಣುವುದು, ಪಾದ ಹೊರಕ್ಕೆ ತಿರುಗಿರುವುದು ಇವು ಸೊಂಟದ ಮೂಳೆ ಮುರಿದ ಲಕ್ಷಣಗಳು. ನೀವಿದರೆ ಮುರಿದ ಮೂಳೆ ಇನ್ನಷ್ಟು ಸರಿಯುತ್ತದೆ. 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದಿದ್ದು ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಲೆಯೊಳಗಿನ ರಕ್ತಸ್ರಾವ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಸ್ಪರ್ಶಜ್ಞಾನ ಇಲ್ಲದವರಿಗೆ ನೋವಿಲ್ಲ ಎಂದ ಮಾತ್ರಕ್ಕೆ ಗಾಯ ಸಣ್ಣದು ಎಂದುಕೊಳ್ಳಬೇಡಿ, ವೈದ್ಯರಿಗೆ ತೋರಿಸಿ.

ಕೊನೆಗೆ ನಾವು ಹೇಳುವುದು

‘ನೋಡಿಕೊಂಡು ಓಡಾಡಿದರೆ ಆಯ್ತು’ ಎನ್ನುವುದು ಸರಿಯಲ್ಲ. ಎರಡು ಸೆಂಟಿಮೀಟರ್ ಕೂಡ ಏಳದ ಕಾಲಿಗೆ, ಮೂರನೇ ಒಂದು ಭಾಗ ಬೆಳಕು ಸಿಗುವ ಕಣ್ಣಿಗೆ, ಕುರ್ಚಿಯ ಬೆನ್ನನ್ನು ನಂಬಿ ಚಾಚುವ ಕೈಗೆ ಎಚ್ಚರಿಕೆಯ ಮಾತಿಗಿಂತ ಖಾಲಿ ನೆಲ ಹೆಚ್ಚು ಉಪಯೋಗ. ಅಲಂಕಾರ ಕಡಿಮೆ ಮಾಡಬೇಕಿಲ್ಲ, ನೆಲದಿಂದ ಎತ್ತಿ ಗೋಡೆಗೆ, ಕಿಟಕಿಗೆ, ಕಟ್ಟೆಗೆ, ಮೇಜಿಗೆ ಸಾಗಿಸಿದರೆ ಸಾಕು. ಹಬ್ಬದ ಹಿಂದಿನ ಸಂಜೆ 90 ಸೆಂ.ಮೀ. ಕೋಲು ಹಿಡಿದು ಮನೆಯೊಳಗೆ ಒಂದು ಸುತ್ತು ಬನ್ನಿ. ಅದಕ್ಕೆ ಹತ್ತು ನಿಮಿಷ ಬೇಕು. ಈ ಲೇಖನವನ್ನು ಮನೆಯ ಗುಂಪಿಗೆ ಕಳಿಸುವುದಾದರೆ ಕೋಲು ಕತ್ತರಿಸುವವರು ಯಾರು ಎಂದು ಅಲ್ಲೇ ಗೊತ್ತುಮಾಡಿಕೊಳ್ಳಿ.